ಪಿಂಚಣಿ ಬಿಡಿಸಿಕೊಳ್ಳಲು ಶುಲ್ಕವಿಲ್ಲ

ನವೆಂಬರ್ ಬಂತೆಂದರೆ ನಿವೃತ್ತರಿಗೆ ಜೀವನ ಪ್ರಮಾಣಪತ್ರದ ಚಿಂತೆ. ವಂಚಕರಿಗೆ ಅದೇ ಸುಗ್ಗಿ. ಪುಣೆಯಲ್ಲಿ ನೆಲೆಸಿರುವ ನಿವೃತ್ತ ರೈಲ್ವೆ ನೌಕರರೊಬ್ಬರಿಗೆ ಫೋನ್ ಬಂತೆಂದು ಇಟ್ಟುಕೊಳ್ಳಿ. ಆ ಕಡೆಯವನು ಅವರ ಹೆಸರು, ನಿವೃತ್ತಿಯ ದಿನಾಂಕ, ಪಿಪಿಒ ಸಂಖ್ಯೆ ಎಲ್ಲ ಒಪ್ಪಿಸುತ್ತಾನೆ. "ನಿಮ್ಮ ಪಿಂಚಣಿ ತಡೆಹಿಡಿದಿದ್ದಾರೆ ಸಾರ್, ಬಾಕಿ 1,84,000 ರೂಪಾಯಿ ಇದೆ. ಬಿಡುಗಡೆಗೆ 4,900 ಕಟ್ಟಿ" ಎನ್ನುತ್ತಾನೆ. ಪಿಪಿಒ ಗೊತ್ತಿದ್ದ ಮೇಲೆ ಕಚೇರಿಯವನೇ ಇರಬೇಕೆಂದು ಹಿರಿಯರು ನಂಬುತ್ತಾರೆ. ಆದರೆ ಆ ಸಂಖ್ಯೆ ಎಷ್ಟೋ ಅರ್ಜಿ, ಜೆರಾಕ್ಸುಗಳಲ್ಲಿ ಕೈಯಿಂದ ಕೈಗೆ ಹೋಗಿರುತ್ತದೆ.

ಹಣದ ದಿಕ್ಕು ನೋಡಿದರೆ ಸುಳ್ಳು ಸಿಕ್ಕಿಬೀಳುತ್ತದೆ. ಆದಾಯ ತೆರಿಗೆಯಿರಲಿ, ಕಮ್ಯುಟೇಶನ್ ಕಡಿತವಿರಲಿ, ಪಿಂಚಣಿಯಲ್ಲೇ ಮುರಿದುಕೊಳ್ಳುತ್ತಾರೆ. 1,84,000 ಕೊಡಬೇಕಾದವನು 4,900 ಅದರಲ್ಲೇ ಕಳೆದು ಉಳಿದದ್ದನ್ನು ಏಕೆ ಹಾಕುವುದಿಲ್ಲ? ಹೀಗೆ ಕೇಳಿದರೆ ಅವನಲ್ಲಿ ಉತ್ತರವಿರುವುದಿಲ್ಲ, "ಇವತ್ತೇ ಕೊನೇ ದಿನ" ಎಂಬ ಬೆದರಿಕೆಯಷ್ಟೇ ಇರುತ್ತದೆ.

ಪ್ರಮಾಣಪತ್ರ ಕೊಡದಿದ್ದರೆ ಪಿಂಚಣಿ ನಿಲ್ಲುವುದು ನಿಜ. ಬೆದರಿಕೆ ನಾಟುವುದೂ ಅದಕ್ಕೇ. ಆದರೆ ಸ್ವಲ್ಪ ತಡವಾಗಿ ಕೊಟ್ಟರೂ ನಿಂತ ತಿಂಗಳುಗಳ ಹಣ ಖಾತೆಗೆ ಬರುತ್ತದೆ. ಪೋಸ್ಟ್‌ಮ್ಯಾನ್ ಮನೆಗೇ ಬಂದು ಪ್ರಮಾಣಪತ್ರ ಮಾಡಿಕೊಟ್ಟರೆ 70 ರೂಪಾಯಿ ತೆಗೆದುಕೊಳ್ಳಬಹುದು. ಅದು ಬಂದು ಮಾಡಿಕೊಟ್ಟ ಕೆಲಸಕ್ಕೆ, ಪಿಂಚಣಿ ಬಿಡಿಸುವುದಕ್ಕಲ್ಲ.

ಮೋಸಹೋದವರನ್ನು ಪೆದ್ದರೆನ್ನುವುದು ಅನ್ಯಾಯ. ವಂಚಕ ಅವರ ಭಾಷೆಯಲ್ಲೇ ನಯವಾಗಿ ಮಾತಾಡುತ್ತಾನೆ. ಬ್ಯಾಂಕಿನ ಎಚ್ಚರಿಕೆ ಮಾತ್ರ ಇಂಗ್ಲಿಷ್ ಎಸ್ಸೆಮ್ಮೆಸ್ಸಿನಲ್ಲಿ ಬರುತ್ತದೆ. ಬದಲಾಗಬೇಕಾದ್ದು ಇದು. ಹಣ ಈಗಾಗಲೇ ಹೋಗಿದ್ದರೆ ನಾಚಿಕೆಪಡುತ್ತಾ ಕೂರದೆ ಆ ಗಳಿಗೆಯಲ್ಲೇ 1930ಕ್ಕೆ ಫೋನ್ ಮಾಡಬೇಕು. ದುಡ್ಡು ಮುಂದಿನ ಖಾತೆಗೆ ಜಾರುವ ಮೊದಲು ತಡೆಯಲು ಸಿಗುವ ಹೊತ್ತು ಅಷ್ಟೇ.