‘ಒಳ್ಳೆಯದು’ ಹೊಡೆದು ‘ಅತ್ಯುತ್ಕೃಷ್ಟ’ ಬರೆದರೆ ಯಾರಿಗೆ ಒಳ್ಳೆಯದು?

ಬಾತಿಯ ಒಂದು ಮನೆಯ ಜಗಲಿ ಮೇಲೆ ಕೂತಿದ್ದೆವು. ಬೇರೆ ಸುದ್ದಿಗೆ ಹೋದವರು ನಾವು. ಒಳಗಿಂದ ಹತ್ತನೇ ತರಗತಿ ಹುಡುಗಿ ನೋಟ್‌ಬುಕ್ ಹಿಡಿದು ಬಂದಳು. "ಅಣ್ಣ, ನೀವು ಪೇಪರ್‌ನಾಗೆ ಬರಿತೀರಲ್ಲ, ಈ ಪ್ರಬಂಧ ಒಂದ್ಸಲ ನೋಡ್ರಿ" ಅಂದಳು. ನೋಟ್‌ಬುಕ್ಕಿನೊಳಗೆ ಒಂದು ಜೆರಾಕ್ಸ್ ಹಾಳೆ ಇತ್ತು. ಟ್ಯೂಷನ್‌ನಲ್ಲಿ ಕೊಟ್ಟದ್ದಂತೆ. ಎಡಗಡೆ ‘ಬಳಸಬಾರದ ಪದ’, ಬಲಗಡೆ ‘ಬಳಸಬೇಕಾದ ಪದ’.

ಒಳ್ಳೆಯ ಎಂಬುದಕ್ಕೆ ಅತ್ಯುತ್ಕೃಷ್ಟ, ಶ್ಲಾಘನೀಯ. ವಿಷಯ ಎಂಬುದಕ್ಕೆ ಅಂಶ, ಆಯಾಮ. ತುಂಬಾ ಎಂಬುದಕ್ಕೆ ಅಪಾರ. ವಸ್ತು ಎಂಬುದಕ್ಕೆ ಪದಾರ್ಥ. ಹಾಳು ಎಂಬುದಕ್ಕೆ ವಿನಾಶ. ಹೀಗೆ ಎರಡು ಪುಟ. ಇವನ್ನು ಬಾಯಿಪಾಠ ಮಾಡಿ ಪ್ರಬಂಧದಲ್ಲಿ ತುಂಬಿದರೆ ಪೂರ್ತಿ ಅಂಕ ಬರುತ್ತದೆ ಎಂದು ಹೇಳಿದ್ದಾರಂತೆ.

ಎಡಗಡೆಯ ಪದಗಳ ಬಗ್ಗೆ ಆ ಹಾಳೆ ಹೇಳುವುದು ಸರಿಯಿದೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇವೆ. ‘ಒಳ್ಳೆಯ’, ‘ವಿಷಯ’, ‘ತುಂಬಾ’ ಎಂಬ ಪದಗಳು ಪ್ರಬಂಧವನ್ನು ಸಡಿಲ ಮಾಡುತ್ತವೆ. ನಮ್ಮ ತಕರಾರು ಬಲಗಡೆಯ ಪದಗಳ ಮೇಲೆ.

ಹುಡುಗಿಯ ಪ್ರಬಂಧ ಕೆರೆಗಳ ಸಂರಕ್ಷಣೆ ಕುರಿತದ್ದು. ಹಾಳೆ ಸಿಗುವ ಮೊದಲು ಅವಳು ಬರೆದದ್ದು ಹೀಗಿತ್ತು:

"ಕೆರೆ ಒಂದು ಒಳ್ಳೆಯ ವಿಷಯ. ಕೆರೆಯಿಂದ ಜನರಿಗೆ ತುಂಬಾ ಒಳ್ಳೆಯದಾಗುತ್ತದೆ. ಆದರೆ ಈಗ ಕೆಟ್ಟ ವಸ್ತುಗಳನ್ನು ಹಾಕಿ ಕೆರೆಯನ್ನು ಹಾಳು ಮಾಡುತ್ತಿದ್ದಾರೆ."

ಹಾಳೆ ಸಿಕ್ಕ ಮೇಲೆ ತಿದ್ದಿ ಬರೆದದ್ದು ಹೀಗಿತ್ತು:

"ಕೆರೆಯು ಒಂದು ಅತ್ಯುತ್ಕ್ರುಷ್ಟ ಅಂಶವಾಗಿದೆ. ಕೆರೆಯಿಂದ ಜನಸಾಮಾನ್ಯರಿಗೆ ಅಪಾರ ಶ್ರೇಯಸ್ಸು ಲಭಿಸುತ್ತದೆ. ಆದರೆ ಪ್ರಸ್ತುತ ಹಾನಿಕಾರಕ ಪದಾರ್ಥಗಳನ್ನು ವಿಸರ್ಜಿಸಿ ಕೆರೆಯನ್ನು ವಿನಾಶಗೊಳಿಸಲಾಗುತ್ತಿದೆ."

ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಎರಡನೆಯದರಲ್ಲಿ ಹೊಸದಾಗಿ ಏನು ಗೊತ್ತಾಯಿತು? ಏನೂ ಇಲ್ಲ. ಮೊದಲು ಗೊತ್ತಿಲ್ಲದ್ದು ಈಗಲೂ ಗೊತ್ತಿಲ್ಲ. ಕೆರೆ ಯಾವುದಕ್ಕೆ ಒಳ್ಳೆಯದು, ಯಾರಿಗೆ ಒಳ್ಳೆಯದು, ಅದರೊಳಗೆ ಏನು ಬಂದು ಬೀಳುತ್ತಿದೆ ಎಂಬ ಮೂರು ಪ್ರಶ್ನೆಗೂ ಉತ್ತರವಿಲ್ಲ. ‘ಒಳ್ಳೆಯ’ ಎಷ್ಟು ಸಡಿಲವೋ ‘ಅತ್ಯುತ್ಕೃಷ್ಟ’ವೂ ಅಷ್ಟೇ ಸಡಿಲ.

ಕಳೆದುಕೊಂಡದ್ದು ಮಾತ್ರ ಇದೆ. ಮೊದಲನೆಯದರಲ್ಲಿ ಕಾಗುಣಿತದ ತಪ್ಪು ಇರಲಿಲ್ಲ. ಎರಡನೆಯದರಲ್ಲಿ ‘ಕೃ’ ಇರಬೇಕಾದ ಕಡೆ ‘ಕ್ರು’ ಬಂದಿದೆ. ನಮ್ಮ ಕಡೆ ಮಾತಿನಲ್ಲಿ ಋ ಕೇಳುವುದೇ ಇಲ್ಲ, ಮಹಾಪ್ರಾಣವೂ ಅಪರೂಪ. ಕಿವಿಗೆ ಬೀಳದ ಪದವನ್ನು ಹಾಳೆ ನೋಡಿ ಕಲಿತ ಮಗು ಪರೀಕ್ಷೆಯ ಗಡಿಬಿಡಿಯಲ್ಲಿ ತಪ್ಪು ಬರೆದೇ ಬರೆಯುತ್ತದೆ. ಅಂಕಕ್ಕಾಗಿ ಹಾಕಿದ ಪದವೇ ಅಂಕ ತಿನ್ನುತ್ತದೆ. ಇನ್ನೊಂದು ನಷ್ಟ ಕಣ್ಣಿಗೆ ಬೇಗ ಕಾಣುವುದಿಲ್ಲ. ಮೊದಲಿನದರಲ್ಲಿ ‘ಹಾಳು ಮಾಡುತ್ತಿದ್ದಾರೆ’ ಎಂದಿತ್ತು. ಯಾರೋ ಮಾಡುತ್ತಿದ್ದಾರೆ ಎಂಬುದಾದರೂ ಉಳಿದಿತ್ತು. ‘ವಿನಾಶಗೊಳಿಸಲಾಗುತ್ತಿದೆ’ ಎಂದ ಕೂಡಲೇ ಮಾಡುವವರೇ ಮಾಯ.

ಇನ್ನೊಂದು ಪುಟದಲ್ಲಿ ಅವಳು ‘ಒಳ್ಳೆಯ ಮಳೆ’ಯನ್ನು ಹೊಡೆದು ‘ಶ್ಲಾಘನೀಯ ಮಳೆ’ ಎಂದು ಬರೆದಿದ್ದಳು. ಶ್ಲಾಘನೀಯ ಎಂದರೆ ಹೊಗಳಲು ತಕ್ಕದ್ದು. ಮಳೆಗೆ ಯಾರು ಶಾಲು ಹೊದಿಸುತ್ತಾರೆ? ಆ ಜಾಗಕ್ಕೆ ‘ಹದ ಮಳೆ’ ಎಂಬ ಪದ ಅವರ ಮನೆಯಲ್ಲೇ ಇದೆ. ಬಿತ್ತನೆಗೆ ಬೇಕಾದಷ್ಟು, ನೆಲ ನೆನೆಯುವಷ್ಟು ಬಿದ್ದ ಮಳೆ. ಒಂದೇ ಪದದಲ್ಲಿ ಯಾವುದಕ್ಕೆ, ಎಷ್ಟು ಎಂಬ ಎರಡೂ ಬಂತು.

ನಾವು ಪೆನ್ನು ಕೆಳಗಿಟ್ಟು ಕೇಳಿದೆವು: "ಪ್ರಬಂಧ ಬಿಡವ್ವಾ. ಕೆರೆಯಿಂದ ನಿಮಗೆ ಏನು ಉಪಯೋಗ ಹೇಳು."

"ಕೆರಿ ತುಂಬಿದ್ರೆ ನಮ್ಮ ಬೋರ್‌ನಾಗೆ ನೀರು ಬರ್ತತಿ" ಅಂದಳು. ಅಲ್ಲೇ ಕಂಬಕ್ಕೆ ಒರಗಿದ್ದ ಅವಳ ಅಜ್ಜ ಸುಮ್ಮನಿರಲಿಲ್ಲ. "ಬೋರ್ ಈಗಿಂದು. ಕೆರಿ ಇರೋದು ಗದ್ದಿಗೆ. ತೂಬು ಎತ್ತಿದ್ರೆ ಅಚ್ಚುಕಟ್ಟಿಗೆಲ್ಲ ನೀರು. ಕೋಡಿ ಬಿತ್ತು ಅಂದ್ರೆ ಕೆರಿ ತುಂಬೇತಿ ಅಂತ ಲೆಕ್ಕ. ಹೂಳು ತುಂಬಿದ್ರೆ ಎರಡು ಮಳಿಗೇ ಕೋಡಿ ಬೀಳ್ತತಿ, ಬ್ಯಾಸಿಗಿ ಹೊತ್ತಿಗೆ ಒಣಗಿ ಹೋಕ್ಕತಿ."

ಇಬ್ಬರ ಮಾತನ್ನೂ ಬರಹಕ್ಕೆ ಇಳಿಸಲು ಹೇಳಿದೆವು. ‘ಬೋರ್’ ಎಂಬುದು ಕೊಳವೆಬಾವಿ ಆಯಿತು. ‘ಬೋರ್‌ನಾಗೆ ನೀರು ಬರ್ತತಿ’ ಎಂಬುದಕ್ಕೆ ವಿಜ್ಞಾನದ ಪುಸ್ತಕದಲ್ಲಿರುವ ಪದ ಯಾವುದು ಎಂದು ಕೇಳಿದಾಗ ‘ಅಂತರ್ಜಲ’ ಅವಳಿಗೇ ನೆನಪಾಯಿತು. ‘ಮರುಪೂರಣ’ ನಾವು ಹೇಳಿಕೊಟ್ಟೆವು. ಮೂರನೇ ಸಲ ಅವಳು ಬರೆದದ್ದು:

"ಕೆರೆ ತುಂಬಿದರೆ ಸುತ್ತಲಿನ ಕೊಳವೆಬಾವಿಗಳಿಗೆ ಅಂತರ್ಜಲ ಮರುಪೂರಣವಾಗುತ್ತದೆ. ತೂಬಿನಿಂದ ಬಿಟ್ಟ ನೀರು ಅಚ್ಚುಕಟ್ಟಿನ ಗದ್ದೆಗಳಿಗೆ ಹರಿಯುತ್ತದೆ. ಆದರೆ ಹೂಳು ತುಂಬಿದಷ್ಟೂ ಕೆರೆಯಲ್ಲಿ ನಿಲ್ಲುವ ನೀರು ಕಡಿಮೆಯಾಗುತ್ತದೆ. ಸ್ವಲ್ಪ ಮಳೆಗೇ ಕೋಡಿ ಬಿದ್ದು ನೀರು ಹರಿದುಹೋಗುತ್ತದೆ, ಬೇಸಿಗೆಗೆ ಕೆರೆ ಬತ್ತುತ್ತದೆ. ಊರಿನ ಕೊಳಚೆಯನ್ನು ಕೆರೆಗೆ ಬಿಟ್ಟರೆ ಆ ನೀರನ್ನು ದನಕರುಗಳೂ ಕುಡಿಯುವಂತಿಲ್ಲ."

ಇಲ್ಲಿ ನಡೆದದ್ದೇನು ಎಂದು ನಿಧಾನವಾಗಿ ನೋಡಿ. ‘ಒಳ್ಳೆಯದು’ ಎಂಬ ಒಂದು ಪದ ಒಡೆದು ಎರಡಾಯಿತು: ಒಂದು ಅಂತರ್ಜಲ, ಇನ್ನೊಂದು ನೀರಾವರಿ. ‘ಕೆಟ್ಟ ವಸ್ತು’ ಒಡೆದು ಹೂಳು ಮತ್ತು ಕೊಳಚೆ ಆಯಿತು. ಕೆರೆ ‘ಹಾಳಾಗುವುದಕ್ಕೆ’ ಒತ್ತುವರಿ ಎಂಬ ಮೂರನೆಯ ಕಾರಣವೂ ಇದೆ. ಈ ಮೂರೂ ಬೇರೆಬೇರೆ ಕಾಯಿಲೆ, ಔಷಧಿಯೂ ಬೇರೆಬೇರೆ. ಹೂಳಾದರೆ ಎತ್ತಬೇಕು. ಕೊಳಚೆಯಾದರೆ ಚರಂಡಿಯ ದಿಕ್ಕು ತಿರುಗಿಸಬೇಕು ಇಲ್ಲವೇ ನೀರು ಶುದ್ಧ ಮಾಡಿ ಬಿಡಬೇಕು. ಒತ್ತುವರಿಯಾದರೆ ಸರ್ವೆ ಮಾಡಿಸಿ ಗಡಿ ಗುರುತಿಸಿ ತೆರವು ಮಾಡಬೇಕು. ‘ವಿನಾಶ’ ಎಂದು ಬರೆದ ಮಗು ಪ್ರಬಂಧದ ಕೊನೆಯಲ್ಲಿ ಪರಿಹಾರ ಬರೆಯಲು ಹೊರಟಾಗ ‘ನಾವೆಲ್ಲರೂ ಜಾಗೃತರಾಗಬೇಕು’ ಎಂಬ ಒಂದೇ ಸಾಲಿಗೆ ಬಂದು ನಿಲ್ಲುತ್ತದೆ. ‘ಹೂಳು’ ಎಂದು ಬರೆದ ಮಗುವಿಗೆ ಪರಿಹಾರದ ಸಾಲು ತಾನೇ ಹೊಳೆಯುತ್ತದೆ.

ಟ್ಯೂಷನ್ ನಡೆಸುವವರು ಒಂದು ಮಾತು ಹೇಳುತ್ತಾರೆ: ಮೌಲ್ಯಮಾಪಕರ ಮುಂದೆ ಉತ್ತರಪತ್ರಿಕೆಗಳ ರಾಶಿ ಇರುತ್ತದೆ, ಗಂಭೀರ ಪದ ಕಣ್ಣಿಗೆ ಬಿದ್ದರೆ ಅಂಕ ಬೀಳುತ್ತದೆ, ಆಡುಮಾತಿನಲ್ಲಿ ಬರೆದರೆ ಕಳೆಯುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ. ಅವರು ಮೂರು ಬೇರೆ ಕೆಲಸಗಳನ್ನು ಕಲಸಿ ಒಂದೇ ಮುದ್ದೆ ಮಾಡಿದ್ದಾರೆ, ಅದಕ್ಕೇ ತೊಂದರೆ.

ಒಂದು ಕೆಲಸ, ಆಡುಮಾತನ್ನು ಬರಹದ ರೂಪಕ್ಕೆ ತರುವುದು. ‘ಬಾಳ’ ಎಂಬುದು ಬಹಳ ಆಗಬೇಕು, ‘ಬತ್ತತಿ’ ಎಂಬುದು ಬತ್ತುತ್ತದೆ ಆಗಬೇಕು. ಪರೀಕ್ಷೆಗೆ ಇದು ಬೇಕು. ಎರಡನೇ ಕೆಲಸ, ಸಡಿಲ ಪದದ ಜಾಗಕ್ಕೆ ನಿಖರ ಪದ ತರುವುದು. ಇದೂ ಬೇಕು, ಇದೇ ಕಷ್ಟದ್ದು. ಮೂರನೆಯದು, ಚಿಕ್ಕ ಪದದ ಜಾಗಕ್ಕೆ ದೊಡ್ಡ ಪದ ಕೂರಿಸುವುದು. ಇದು ಯಾರಿಗೂ ಬೇಡ. ಆದರೆ ಎರಡು ಪುಟದ ಜೆರಾಕ್ಸ್‌ನಲ್ಲಿ ಕೊಡಬಹುದಾದ್ದು ಈ ಮೂರನೆಯದನ್ನು ಮಾತ್ರ, ಹಾಗಾಗಿ ಅದನ್ನೇ ಕೊಡುತ್ತಾರೆ. ನಿಖರ ಪದದ ಪಟ್ಟಿ ಮಾಡಲು ಬರುವುದಿಲ್ಲ. ಕೆರೆಗೆ ‘ಒಳ್ಳೆಯದು’ ಎಂದರೆ ಒಂದು, ಗೊಬ್ಬರಕ್ಕೆ ಇನ್ನೊಂದು, ಗ್ರಂಥಾಲಯಕ್ಕೆ ಮತ್ತೊಂದು.

ಸಂಸ್ಕೃತ ಪದ ಬೇಡ, ಕನ್ನಡ ಪದವೇ ಬೇಕು ಎಂಬ ಜಗಳ ನಮ್ಮದಲ್ಲ. ಅಂತರ್ಜಲ ಸಂಸ್ಕೃತದ್ದು, ನಿಖರವಾಗಿದೆ, ಇರಲಿ. ಹೂಳು ಕನ್ನಡದ್ದು, ನಿಖರವಾಗಿದೆ, ಇರಲಿ. ಅತ್ಯುತ್ಕೃಷ್ಟ ಹೋಗಲಿ, ಅದರ ಜೊತೆ ‘ಬಾಳ ಚಲೋ’ನೂ ಹೋಗಲಿ.

ಹುಡುಗಿ ಕೊನೆಗೆ ಒಂದು ಅನುಮಾನ ಕೇಳಿದಳು: "ಅಣ್ಣ, ತೂಬು, ಕೋಡಿ, ಅಚ್ಚುಕಟ್ಟು ಅಂತ ಬರೀಬಹುದಾ? ಅಜ್ಜ ಮಾತಾಡೋ ಪದ ಅಲ್ವಾ ಅವು?" ಟ್ಯೂಷನ್ ಹಾಳೆ ಮಕ್ಕಳಿಗೆ ಮಾಡಿರುವ ಅನ್ಯಾಯ ಈ ಪ್ರಶ್ನೆಯಲ್ಲಿದೆ. ಮನೆಯ ಪದ ಎಂದರೆ ಕೀಳು, ಹಾಳೆಯ ಪದ ಎಂದರೆ ಮೇಲು ಎಂದು ಅವಳು ಕಲಿತಿದ್ದಾಳೆ. ನಿಜ ಸಂಗತಿ ಹೀಗಿದೆ. ನಮ್ಮ ಗದ್ದೆಗಳಿಗೆ ನೀರು ಕೊಡುವ ಭದ್ರಾ ಯೋಜನೆಗೆ ಸರ್ಕಾರ ಮಾಡಿರುವ ಪ್ರಾಧಿಕಾರದ ಹೆಸರೇ ‘ಭದ್ರಾ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ’. ನಾವು ‘ಕಾಡಾ’ ಎನ್ನುವುದು ಅದನ್ನೇ. ತೂಬು, ಏರಿ, ಕೋಡಿ ಎಂಬ ಪದಗಳನ್ನು ಸಣ್ಣ ನೀರಾವರಿ ಇಲಾಖೆಯ ಎಂಜಿನಿಯರುಗಳು ಕಾಮಗಾರಿ ಹೆಸರಿನಲ್ಲಿ ಬರೆಯುತ್ತಾರೆ. ಹಳೆಗನ್ನಡದ ಶಾಸನಗಳಲ್ಲಿ ತೂಬು ‘ತೂಂಬು’ ಎಂದು ಸಿಗುತ್ತದೆ. ಅಜ್ಜನ ಬಾಯಲ್ಲಿದ್ದದ್ದು ನೀರಾವರಿಯ ಶಾಸ್ತ್ರದ ಪದ. ಮೊಮ್ಮಗಳಿಗೆ ಅದು ಗೊತ್ತಾಗದಂತೆ ಮಾಡಿದ್ದೇವೆ.

ಮಾಡಿದ್ದೇವೆ ಎಂದು ನಮ್ಮನ್ನೂ ಸೇರಿಸಿಯೇ ಬರೆಯುತ್ತಿದ್ದೇವೆ. ವರದಿಗಾರಿಕೆಯ ಮೊದಲ ವರ್ಷ ‘ಮಳೆಯಿಂದ ಅಪಾರ ಪ್ರಮಾಣದ ಬೆಳೆ ಹಾನಿ’ ಎಂದು ಸುದ್ದಿ ಕಳಿಸುತ್ತಿದ್ದವರು ನಾವು. ಡೆಸ್ಕ್‌ನಿಂದ ಫೋನ್ ಬರುತ್ತಿತ್ತು: ‘ಅಪಾರ ಅಂದ್ರೆ ಎಷ್ಟ್ರೀ ಎಕರೆ? ಭತ್ತವೋ ಮೆಕ್ಕೆಜೋಳವೋ? ನೀರು ನಿಂತಿತೋ ಗಾಳಿಗೆ ಮಲಗಿತೋ?’ ಉತ್ತರ ನಮ್ಮ ಹತ್ತಿರ ಇರುತ್ತಿರಲಿಲ್ಲ, ಯಾಕೆಂದರೆ ಹೊಲಕ್ಕೆ ಇಳಿದಿರುತ್ತಿರಲಿಲ್ಲ. ಅಪಾರ ಎಂಬ ಪದ ಹೊಲಕ್ಕೆ ಇಳಿಯದವರಿಗೆ ಅನುಕೂಲ.

ಮನೆಯಲ್ಲಿ ಮಕ್ಕಳ ಪ್ರಬಂಧ ನೋಡುವವರು ಒಂದು ಪರೀಕ್ಷೆ ಮಾಡಿ, ಹೆಚ್ಚು ಓದಿರಬೇಕಿಲ್ಲ. ‘ಕೆರೆ’ ಎಂದಿರುವ ಕಡೆ ‘ಗ್ರಂಥಾಲಯ’ ಎಂದು ಹಾಕಿ ಓದಿಸಿ. ‘ಗ್ರಂಥಾಲಯವು ಒಂದು ಅತ್ಯುತ್ಕೃಷ್ಟ ಅಂಶವಾಗಿದೆ.’ ಸಾಲು ನಿಂತಿತು. ಹಾಗಾದರೆ ಆ ಸಾಲಿನಲ್ಲಿ ಕೆರೆಯ ಬಗ್ಗೆ ಏನೂ ಇರಲಿಲ್ಲ. ‘ಗ್ರಂಥಾಲಯ ತುಂಬಿದರೆ ಕೊಳವೆಬಾವಿಗಳಿಗೆ ಅಂತರ್ಜಲ ಮರುಪೂರಣವಾಗುತ್ತದೆ.’ ಮಗು ನಗುತ್ತದೆ. ಆ ಸಾಲು ಕೆರೆಯದ್ದೇ, ಉಳಿಸಿಕೊಳ್ಳಿ. ಪೀಠಿಕೆಯಲ್ಲಿ ಒಂದು ‘ಒಳ್ಳೆಯ’ ಇದ್ದರೆ ಹೊಡೆಯಬೇಕಿಲ್ಲ, ಮುಂದಿನ ಸಾಲು ಅದಕ್ಕೆ ಲೆಕ್ಕ ಕೊಟ್ಟರೆ ಸಾಕು. ಲೆಕ್ಕ ಕೊಡದಿದ್ದರೆ ‘ಯಾವುದಕ್ಕೆ, ಯಾರಿಗೆ, ಎಷ್ಟು’ ಎಂದು ಕೇಳಿ. ಮಗು ಬಾಯಲ್ಲಿ ಏನು ಹೇಳುತ್ತದೋ ಅದನ್ನೇ ಬರಹದ ರೂಪದಲ್ಲಿ ಬರೆಸಿ.

ಟ್ಯೂಷನ್‌ನವರಿಗೆ ನಮ್ಮ ಬೇಡಿಕೆ ಒಂದೇ. ಮುಂದಿನ ಸಲ ಹಾಳೆ ಜೆರಾಕ್ಸ್ ಮಾಡಿಸುವಾಗ ಬಲಗಡೆಯ ಕಾಲಂ ಖಾಲಿ ಬಿಡಿ. ತುಂಬಿಸಿಕೊಂಡು ಬರಲು ಮಕ್ಕಳನ್ನು ಕೆರೆ ಏರಿ ಮೇಲೆ ಕಳಿಸಿ.