ಸಾಬೂನಿನ ಕತೆ, ಸತ್ಯದ ಹೊಣೆ

ಮನೆಮಟ್ಟದಲ್ಲಿ ಸಾಬೂನು ತಯಾರಿಸಿ ಅಂತರ್ಜಾಲದಲ್ಲಿ ಮಾರುವವರ ತಾಣಗಳಲ್ಲಿ ‘ನಮ್ಮ ಕತೆ’ ಎಂಬ ಪುಟ ಬಹುತೇಕ ಇದ್ದೇ ಇರುತ್ತದೆ. ‘ಮಗಳ ಇಸುಬು ನನ್ನ ರಾಸಾಯನಿಕಮುಕ್ತ ಸಾಬೂನಿನಿಂದ ವಾರದಲ್ಲೇ ಗುಣವಾಯಿತು’ ಎಂಬಂಥ ವಾಕ್ಯ ಅಲ್ಲಿ ಅಪರೂಪವಲ್ಲ. ತಾಯಿಯ ಕಾಳಜಿ ನಿಜವಿರಬಹುದು. ಆದರೆ ಆ ವಾಕ್ಯದಲ್ಲಿ ಎರಡು ತಪ್ಪುಗಳಿವೆ.

ಮೊದಲನೆಯದು, ರೋಗ ಗುಣಪಡಿಸುವ ಭರವಸೆ. ಇಸುಬು ತಾನಾಗಿಯೇ ಏರಿಳಿಯುವ ಕಾಯಿಲೆ. ಸಾಬೂನು ಬದಲಿಸಿದ ವಾರ ಅದು ಇಳಿದರೆ ಸಾಬೂನೇ ಕಾರಣವೆನ್ನಲಾಗದು. ಕಾಯಿಲೆ ವಾಸಿಮಾಡುತ್ತದೆಂದು ಹೇಳಿಕೊಂಡ ವಸ್ತುವನ್ನು ಕಾನೂನು ಸೌಂದರ್ಯವರ್ಧಕವೆಂದಲ್ಲ, ಔಷಧವೆಂದೇ ನೋಡುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಎರಡನೆಯದು, ‘ರಾಸಾಯನಿಕಮುಕ್ತ’ ಎಂಬ ವಿಶೇಷಣ. ಎಣ್ಣೆಯು ಕಾಸ್ಟಿಕ್ ಸೋಡಾದೊಡನೆ ವರ್ತಿಸದೆ ಗಟ್ಟಿ ಸಾಬೂನು ಆಗುವುದೇ ಇಲ್ಲ. ಹೀಗೆ ತಯಾರಾದದ್ದು ಕ್ಷಾರೀಯ. ಒಣಚರ್ಮವನ್ನು ಇನ್ನಷ್ಟು ಒಣಗಿಸಲೂಬಹುದು.

ಅದೇ ಕತೆಯನ್ನು ಹೀಗೆ ಬರೆಯಬಹುದು: ‘ಮಗಳಿಗಾಗಿ ಪರಿಮಳವಿಲ್ಲದ ಸಾಬೂನು ಹುಡುಕಿದೆ. ಮನಸ್ಸಿಗೊಪ್ಪುವಂಥದ್ದು ಸಿಗದೆ ತಯಾರಿಕೆ ಕಲಿತೆ. ಆಲಿವ್ ಎಣ್ಣೆ, ಕೊಬ್ಬರಿ ಎಣ್ಣೆ, ಕಾಸ್ಟಿಕ್ ಸೋಡಾ, ನೀರು ಇವಿಷ್ಟೇ ಇದರ ಪದಾರ್ಥಗಳು. ಅಚ್ಚಿನಿಂದ ತೆಗೆದು ಆರು ವಾರ ಒಣಗಿಸುತ್ತೇವೆ. ಇದು ಔಷಧವಲ್ಲ, ಇಸುಬು ಇರುವವರು ಮೊದಲು ಚರ್ಮವೈದ್ಯರನ್ನು ಕಾಣಿರಿ.’ ಕೆಳಗೆ ತಯಾರಿಕಾ ಪರವಾನಗಿಯ ಸಂಖ್ಯೆಯೂ ವಿಳಾಸವೂ ಇರಲಿ.

ಈ ಬರಹದಲ್ಲಿ ಪವಾಡವಿಲ್ಲ. ಆದರೆ ಪದಾರ್ಥ, ಪರವಾನಗಿ, ವಿಳಾಸಗಳನ್ನು ಗ್ರಾಹಕರು ಸ್ವತಃ ಪರಿಶೀಲಿಸಬಹುದು. ಸಣ್ಣ ತಯಾರಕರನ್ನು ನಂಬಲು ಅವರಿಗೆ ಬೇಕಾಗಿರುವುದೂ ಅದೇ.