ವಧು ಬೇಕಾಗಿದ್ದಾಳೆ, ವರನಿಗೆ ಅನ್ನ ಮಾಡಲು ಬಾರದು!



ನನ್ನ ತಮ್ಮನ ಮಗನಿಗೆ ಹೆಣ್ಣು ಹುಡುಕುತ್ತಿದ್ದೇವೆ. ಜಾಹೀರಾತು ಬರೆಯುವ ಕೆಲಸ ಸೋದರತ್ತೆಯಾದ ನನ್ನ ಪಾಲಿಗೆ ಬಂತು. ಬರೆದದ್ದನ್ನು ಮೊದಲು ನಿಮಗೇ ತೋರಿಸುತ್ತೇನೆ, ನೋಡಿ:

“ಹೊಸಪೇಟೆಯ ವರ. ವಯಸ್ಸು 29. ಸಂಡೂರಿನ ಗಣಿಯಲ್ಲಿ ನೌಕರಿ. ಮೈಗೆ ಮೆತ್ತಿದ ಕೆಂಪು ಧೂಳು ತೊಳೆದರೆ ಲಕ್ಷಣವಾಗಿಯೇ ಇದ್ದಾನೆ. ಬೀಡಿ, ಇಸ್ಪೀಟು ಇಲ್ಲ. ಹಂಪಿಯ ಸಾಸಿವೆಕಾಳು ಗಣಪ ಯಾರು, ಕಡಲೆಕಾಳು ಗಣಪ ಯಾರು ಎಂದು ಬಂದವರಿಗೆಲ್ಲ ವಿವರಿಸುತ್ತಾನೆ. ಡಬ್ಬಿಯಲ್ಲಿರುವುದು ಸಾಸಿವೆಯೋ ರಾಗಿಯೋ ತಿಳಿಯದು. ಹಾಲು ಉಕ್ಕಿದರೆ ತುಂಗಭದ್ರಾ ಡ್ಯಾಮಿನ ಗೇಟು ತೆಗೆದಂತೆ ಓಡಿಬಂದು ನೋಡುತ್ತಾನೆ. ಒಲೆ ಮಾತ್ರ ಆರಿಸುವುದಿಲ್ಲ.”

ನಗು ಬಂತಲ್ಲವೇ? ನಾವೂ ನಕ್ಕೆವು. ಆದರೆ ಮೊನ್ನೆ ಅವನ ತಾಯಿ, ಮಗಳ ಬಾಣಂತನಕ್ಕೆಂದು ಕಂಪ್ಲಿಗೆ ಹೋದಳು. ಮನೆಯಲ್ಲಿ ಅಪ್ಪ, ಮಗ ಇಬ್ಬರೇ. ಬೀಗರು ಗದ್ದೆಯ ಅಕ್ಕಿಯನ್ನೂ ಕಳಿಸಿದ್ದರು. ಮರುದಿನವೇ ಫೋನು: “ಅತ್ತೀ, ಅಮ್ಮ ಹೇಳಿದ ಅಳತೀನೇ ಹಾಕೀನಿ, ಅನ್ನ ಅಂಬಲಿ ಆಗೈತಿ!” ಇದು ತಾಯಿಯ ಕಿವಿಗೂ ಬಿತ್ತು. ಮೂರನೆಯ ದಿನ ಹಸಿ ಬಾಣಂತಿಯನ್ನು ಬಿಟ್ಟು ಆಕೆ ಬಸ್ಸು ಹತ್ತಿ ಬಂದೇಬಿಟ್ಟಳು. ಆಗ ನನಗೆ ನಗು ಬರಲಿಲ್ಲ.

ಅಡುಗೆಮನೆಗೆ ಹೋಗಿ ನೋಡಿದೆ. ಹುಡುಗನ ತಪ್ಪಿರಲಿಲ್ಲ. ಒಂದು ಲೋಟ ಅಕ್ಕಿಗೆ ಎರಡೂವರೆ ಲೋಟ ನೀರು ಎಂಬ ತಾಯಿಯ ಲೆಕ್ಕ, ಅಂಗಡಿಯಿಂದ ತರುವ ಹಳೆ ಅಕ್ಕಿಯದು. ಬೀಗರು ಕಳಿಸಿದ್ದು ಈ ಸುಗ್ಗಿಯ ಹೊಸ ಅಕ್ಕಿ. ಅದು ಅಷ್ಟು ನೀರು ಹೀರುವುದಿಲ್ಲ. ಅಗಳು ಬೇಗ ಒಡೆದು ಗಂಜಿ ಬಿಟ್ಟು ಮುದ್ದೆಯಾಗುತ್ತದೆ. ಕುಕ್ಕರಿನಲ್ಲಾದರೆ ಲೋಟಕ್ಕೆ ಎರಡು ಲೋಟ ನೀರು ಸಾಕು, ಕೆಲವು ಅಕ್ಕಿಗೆ ಇನ್ನೂ ಕಾಲು ಲೋಟ ಕಡಿಮೆ. ಯಾವ ಅಕ್ಕಿಯೋ ತಿಳಿಯದಿದ್ದರೆ ಮೊದಲ ದಿನ ಪಾತ್ರೆಯಲ್ಲಿ ಧಾರಾಳ ನೀರಿಟ್ಟು ಬೇಯಿಸಿರಿ. ನೀರು ಬೇಗನೆ ದಪ್ಪ ಗಂಜಿಯಾದರೆ ಅಕ್ಕಿ ಹೊಸದೆಂದೇ ತಿಳಿಯಿರಿ. ಒಂದು ಅಗಳು ಹಿಚುಕಿದಾಗ ನಡುವೆ ಗಟ್ಟಿ ಬಿಳಿ ಚುಕ್ಕೆ ಸಿಗದಿದ್ದರೆ ಬಸಿದುಬಿಡಿ.

ಮುದ್ದೆಯಾದ ಅನ್ನವನ್ನು ಚೆಲ್ಲಲಿಲ್ಲ. ಆರಿಸಿ, ಮೊಸರು ಕಲಸಿ, ಒಗ್ಗರಣೆ ಕೊಟ್ಟೆವು. ಸಾಸಿವೆಯ ಡಬ್ಬಿಯನ್ನು ಅವನ ಕೈಯಿಂದಲೇ ತೆಗೆಸಿದೆ. ಮೊದಲು ರಾಗಿ ತಂದ!

ನಾಲ್ಕು ದಿನ ಅವನೇ ಅನ್ನ ಮಾಡಿದ. ಐದನೆಯ ದಿನ ಅತ್ತಿಗೆಮ್ಮ, ಅಂದರೆ ಅವನ ತಾಯಿ, ನಿಶ್ಚಿಂತೆಯಿಂದ ಕಂಪ್ಲಿಗೆ ಮರಳಿದಳು. ಗಂಡುಮಕ್ಕಳನ್ನು ಒಲೆಯ ಹತ್ತಿರ ಬಿಡದೆ ಬೆಳೆಸಿದವರು ನಾವೇ ಅಲ್ಲವೇ ಸೋದರಿಯರೇ? ಅದರ ದಂಡ ತೆತ್ತವಳು ಬಾಣಂತಿ.

ಈಗ ಜಾಹೀರಾತನ್ನು ಹೀಗೆ ತಿದ್ದಿದ್ದೇನೆ: “ವರನಿಗೆ ಅನ್ನ ಬರುತ್ತದೆ, ಸಾರು ಕಲಿಯುತ್ತಿದ್ದಾನೆ. ವಧುವಿಗೆ ಅಡುಗೆ ಬಾರದಿದ್ದರೂ ಅಡ್ಡಿಯಿಲ್ಲ. ಸಾಸಿವೆ ಗುರುತಿಸಲು ಬಂದರೆ ಸಾಕು.”